ರಾಯಚೂರಿನ ನೌಕರಿ, ಡಲ್ಲಾಸ್‌ನ ಸಂಬಂಧ

"ಅಕ್ಕಾ, ರಾಯಚೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿಯಾಗಿ ಒಂದು ವರ್ಷವಾಯಿತು, ಪ್ರೊಬೇಷನ್ ಮುಗಿದಿಲ್ಲ. ಡಲ್ಲಾಸ್‌ನಲ್ಲಿರುವ ಹುಡುಗನ ಸಂಬಂಧ ಕೂಡಿಬಂದಿದೆ. ಎಚ್-1ಬಿ ಕೆಲಸದ ವೀಸಾ ಮೇಲೆ ಹೋಗಿ ಮೂರು ವರ್ಷವಾಗಿದೆಯಂತೆ. ಅಲ್ಲಿ ನರ್ಸ್‌ಗಳಿಗೆ ಬಹಳ ಬೇಡಿಕೆ, ಮದುವೆಗೆ ಮುಂಚೆಯೇ ರಾಜೀನಾಮೆ ಕೊಟ್ಟುಬಿಡು ಎಂದು ಎರಡೂ ಮನೆಯವರು ಹೇಳುತ್ತಿದ್ದಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ನಾನೊಬ್ಬಳೇ ಮಗಳು. ಏನು ಮಾಡಲಿ?"

ತಂಗಿ, ಇಲ್ಲಿ ಅಮೆರಿಕದಲ್ಲಿ ನರ್ಸ್‌ಗಳಿಗೆ ಬೇಡಿಕೆ ಇರುವುದು ನಿಜ. ಆದರೆ ಆ ಬೇಡಿಕೆಯಿಂದ ನಿನಗೆ ಯಾವಾಗ ಪ್ರಯೋಜನವಾಗುತ್ತದೆ ಎಂಬುದನ್ನು ಆಸ್ಪತ್ರೆಗಳು ನಿರ್ಧರಿಸುವುದಿಲ್ಲ. ಹುಡುಗನ ಗ್ರೀನ್ ಕಾರ್ಡ್ ಕಡತ ನಿರ್ಧರಿಸುತ್ತದೆ. ನೀನು ಬರುವುದು ಎಚ್-4 ವೀಸಾದ ಮೇಲೆ. ಅದರಲ್ಲಿ ಗಂಡನ ಜೊತೆ ಇರಬಹುದು, ಕಾಲೇಜಿಗೆ ಸೇರಬಹುದು, ಆದರೆ ಸಂಬಳಕ್ಕೆ ದುಡಿಯುವಂತಿಲ್ಲ. ಗಂಡನ ಗ್ರೀನ್ ಕಾರ್ಡಿಗಾಗಿ ಅವನ ಕಂಪನಿ ಹಾಕುವ ಐ-140 ಎಂಬ ಅರ್ಜಿ ಮಂಜೂರಾದ ಮೇಲೆ ಹೆಂಡತಿಗೆ ಕೆಲಸದ ಪರವಾನಗಿ ಸಿಗುತ್ತದೆ. ಇದಕ್ಕೆ ಇಎಡಿ ಎನ್ನುತ್ತಾರೆ. ಈ ಅವಕಾಶವೂ 2015ರ ಮೇ ತಿಂಗಳಿಂದ ಈಚೆಗೆ ಬಂದದ್ದು. ಅದಕ್ಕೂ ಮೊದಲು ಬಂದ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ಪದವಿ ಪತ್ರಗಳನ್ನು ಸೂಟ್‌ಕೇಸಿನಲ್ಲಿಟ್ಟು ವರ್ಷಗಟ್ಟಲೆ ಕುಳಿತಿದ್ದರು.

ಆದ್ದರಿಂದ ಹುಡುಗನನ್ನು ಒಂದೇ ಪ್ರಶ್ನೆ ಕೇಳು: "ನಿಮ್ಮ ಪರ್ಮ್ ಶುರುವಾಗಿದೆಯೇ, ಐ-140 ಆಗಿದೆಯೇ?" ಪರ್ಮ್ ಎಂದರೆ ಐ-140ಕ್ಕೆ ಮುಂಚೆ ಕಂಪನಿ ಇಲ್ಲಿನ ಕಾರ್ಮಿಕ ಇಲಾಖೆಯಿಂದ ಪಡೆಯಬೇಕಾದ ಒಪ್ಪಿಗೆ. ಸಂಬಳ, ಮನೆ, ಕಾರು ಎಲ್ಲವನ್ನೂ ಹಿರಿಯರು ವಿಚಾರಿಸುತ್ತಾರೆ, ಇದೊಂದನ್ನು ಬಿಟ್ಟು. ಇದನ್ನು ಕೇಳಿದರೆ ದುರಾಸೆಯ ಹುಡುಗಿ ಎಂದುಕೊಳ್ಳುತ್ತಾರೇನೋ ಎಂಬ ಅಳುಕು ಬೇಡ. ಇಲ್ಲಿರುವ ಪ್ರತಿಯೊಬ್ಬ ಭಾರತೀಯನಿಗೂ ತನ್ನ ಕಡತ ಎಲ್ಲಿದೆ ಎಂಬುದು ಬಾಯಿಪಾಠವಾಗಿರುತ್ತದೆ. ಗೊತ್ತಿಲ್ಲ ಎಂದನೆಂದರೆ ಇನ್ನೂ ಶುರುವೇ ಆಗಿಲ್ಲ ಎಂದು ತಿಳಿದುಕೋ.

ಶುರುವಾಗಿಲ್ಲದಿದ್ದರೆ ಎಷ್ಟು ಕಾಲ ಹಿಡಿಯುತ್ತದೆ? ಮೊದಲು ಆ ಹುದ್ದೆಗೆ ಇರಬೇಕಾದ ಸಂಬಳವನ್ನು ಕಾರ್ಮಿಕ ಇಲಾಖೆ ನಿಗದಿ ಮಾಡಬೇಕು, ಅದಕ್ಕೆ ಕೆಲವು ತಿಂಗಳು. ಆಮೇಲೆ ಕಂಪನಿ ಜಾಹೀರಾತು ಕೊಟ್ಟು ಅರ್ಹ ಅಮೆರಿಕನ್ನರು ಸಿಗಲಿಲ್ಲ ಎಂದು ತೋರಿಸಬೇಕು. ಬಳಿಕ ಪರ್ಮ್ ಅರ್ಜಿ. ಈಚೆಗೆ ಅದೊಂದಕ್ಕೇ ಒಂದು ವರ್ಷಕ್ಕಿಂತ ಹೆಚ್ಚು ಹಿಡಿಯುತ್ತಿದೆ. ಕೊನೆಯ ಐ-140 ಮಾತ್ರ, ಹೆಚ್ಚುವರಿ ಶುಲ್ಕ ಕಟ್ಟಿದರೆ, 15 ಕೆಲಸದ ದಿನಗಳಲ್ಲಿ ಇತ್ಯರ್ಥವಾಗುತ್ತದೆ. ನಿನ್ನ ಇಎಡಿಗೆ ಮತ್ತೆ ಕೆಲವು ತಿಂಗಳು. ಎಲ್ಲ ಸೇರಿ ಎರಡೂವರೆ ವರ್ಷ ಎಂದು ಲೆಕ್ಕ ಹಾಕು. ಎಚ್-1ಬಿಯ ಸಾಮಾನ್ಯ ಅವಧಿ ಆರು ವರ್ಷ, ಅವನಿಗೆ ಮೂರು ಕಳೆದಿದೆ. ಇನ್ನು ತಡಮಾಡಿದರೆ ನಿನ್ನ ಕೆಲಸವಷ್ಟೇ ಅಲ್ಲ, ಅವನು ಇಲ್ಲಿ ಉಳಿಯುವುದೂ ಅನುಮಾನವಾಗುತ್ತದೆ.

ನನಗೆ ಹತ್ತಿರದವಳೊಬ್ಬಳು ಗಂಗಾವತಿಯವಳು, ಬಳ್ಳಾರಿಯಲ್ಲಿ ಬಿಎಸ್ಸಿ ನರ್ಸಿಂಗ್ ಓದಿದವಳು. ಅವಳು ಬರುವಾಗ ಗಂಡನ ಪರ್ಮ್ ಅರ್ಧ ದಾರಿಯಲ್ಲಿತ್ತು. ಆರು ತಿಂಗಳಲ್ಲಿ ಹೆಚ್ಚಿನ ಸಂಬಳಕ್ಕೆ ಅವನು ಬೇರೆ ಕಂಪನಿಗೆ ಹೋದ. ಐ-140 ಮಂಜೂರಾಗುವ ಮೊದಲು ಕಂಪನಿ ಬದಲಿಸಿದರೆ ಎಲ್ಲವೂ ಮೊದಲಿನಿಂದ. ಹೊಸ ಕಂಪನಿಯೋ ಒಂದು ವರ್ಷ ಕೆಲಸ ಮಾಡಿದ ಮೇಲೆಯೇ ಪರ್ಮ್ ಶುರುಮಾಡುವ ಪದ್ಧತಿಯದು. ಸಂಬಳ ಹೆಚ್ಚಿತೆಂದು ಮನೆಯಲ್ಲಿ ಎಲ್ಲರಿಗೂ ಸಂತೋಷ. ಹೆಂಡತಿಯ ದುಡಿಮೆ ಎರಡು ವರ್ಷಕ್ಕೂ ಹೆಚ್ಚು ಮುಂದೆ ಹೋಯಿತೆಂಬುದು ಯಾರ ಲೆಕ್ಕಕ್ಕೂ ಬರಲಿಲ್ಲ. ಇಬ್ಬರ ಗಳಿಕೆಯನ್ನೂ ಕಾಗದದ ಮೇಲೆ ಬರೆದು ಕೂಡಿದ್ದರೆ ಆ ಹೆಚ್ಚಿನ ಸಂಬಳ ನಷ್ಟವೆಂದೇ ಕಾಣುತ್ತಿತ್ತು.

ಅಷ್ಟಾದರೂ ಅವಳು ಒಂದು ಕೆಲಸವನ್ನು ಬಹಳ ಸರಿಯಾಗಿ ಮಾಡಿದ್ದಳು: ಕಾಗದಪತ್ರಗಳನ್ನೆಲ್ಲ ಊರಿನಲ್ಲಿದ್ದಾಗಲೇ ಮುಗಿಸಿದ್ದಳು. ಇಲ್ಲಿ ನರ್ಸ್ ಆಗಲು ಒಂದು ರಾಜ್ಯದ ನರ್ಸಿಂಗ್ ಬೋರ್ಡಿಗೆ ಅರ್ಜಿ ಹಾಕಿ, ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆ ಪಾಸಾಗಬೇಕು. ಅದಕ್ಕೆ ನಿನ್ನ ಅಂಕಪಟ್ಟಿಗಳು, ಯಾವ ವಿಷಯ ಎಷ್ಟು ಗಂಟೆ ಓದಿದೆ, ವಾರ್ಡಿನಲ್ಲಿ ಎಷ್ಟು ಗಂಟೆ ದುಡಿದೆ ಎಂಬ ವಿವರ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ದೃಢೀಕರಣ ಎಲ್ಲವೂ ಕಾಲೇಜು ಮತ್ತು ಕೌನ್ಸಿಲ್‌ನಿಂದಲೇ ನೇರವಾಗಿ ಹೋಗಬೇಕು. ನೀನು ಕೈಯಲ್ಲಿ ಹಿಡಿದು ತಂದದ್ದು ನಡೆಯುವುದಿಲ್ಲ. ಕಾಲೇಜಿನ ಗುಮಾಸ್ತರ ಮೇಜಿನ ಮುಂದೆ ನಿಂತು ಸಹಿ ಹಾಕಿಸುವುದಕ್ಕೂ ಡಲ್ಲಾಸ್‌ನಿಂದ ಫೋನ್ ಮಾಡಿ ಬೇಡಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ನಿನಗೆ ಹೇಳಬೇಕಿಲ್ಲ. ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಕನಿಷ್ಠ 85, ಗರಿಷ್ಠ 150 ಪ್ರಶ್ನೆ, ಐದು ಗಂಟೆ. ನಿನ್ನ ಮಟ್ಟ ಖಚಿತವಾದಾಗ ಕಂಪ್ಯೂಟರ್ ತಾನೇ ನಿಲ್ಲಿಸುತ್ತದೆ. ವಾರ್ಡಿನ ಅನುಭವ ಹಸಿಯಾಗಿರುವಾಗ ಬರೆದರೆ ಸುಲಭ.

ರಾಜ್ಯ ಆರಿಸುವಾಗ ಒಂದು ತೊಡಕಿದೆ. ಇಎಡಿ ಇಲ್ಲದ ಎಚ್-4 ಹೆಂಗಸಿಗೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಸಿಗುವುದಿಲ್ಲ, ಕೆಲವು ಬೋರ್ಡುಗಳು ಆ ಸಂಖ್ಯೆ ಇಲ್ಲದೆ ಲೈಸೆನ್ಸ್ ಕೊಡುವುದಿಲ್ಲ. ಹಣ ಕಟ್ಟುವ ಮೊದಲು ಬೋರ್ಡಿಗೇ ಇಮೇಲ್ ಬರೆದು ಕೇಳು. ಒಂದು ರಾಜ್ಯದ ಲೈಸೆನ್ಸ್ ಸಿಕ್ಕ ಮೇಲೆ ಇನ್ನೊಂದು ರಾಜ್ಯಕ್ಕೆ ಅರ್ಜಿ ಹಾಕಿದರೆ ಮತ್ತೆ ಎನ್‌ಕ್ಲೆಕ್ಸ್ ಬರೆಯಬೇಕಿಲ್ಲ.

ಈಗ ರಾಜೀನಾಮೆಯ ಮಾತು. ಈಗ ಕೊಡಬೇಡ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ. 80 ಸ್ಥಳೀಯರಿಗೆ ಮೀಸಲು. ಹಾಗಿದ್ದೂ ಒಂದು ನೇಮಕಾತಿಯಿಂದ ಇನ್ನೊಂದಕ್ಕೆ ಎಷ್ಟು ವರ್ಷ ಕಾಯಬೇಕೆಂದು ನಿನ್ನ ಜೊತೆಯವರನ್ನು ಕೇಳು. ಬಿಟ್ಟ ನೌಕರಿಗೆ ಮರಳುವ ದಾರಿ ಹೊಸ ಅಧಿಸೂಚನೆಯೊಂದೇ, ಅದಕ್ಕೂ ವಯೋಮಿತಿ ಇದೆ. ಹುಡುಗನ ಪರ್ಮ್ ಇನ್ನೂ ಶುರುವಾಗಿಲ್ಲದಿದ್ದರೆ ಮದುವೆಯಾಗು, ಎಚ್-4 ವೀಸಾ ಹೊಡೆಸಿಕೋ, ಇಲಾಖೆಯ ಅನುಮತಿ ಪಡೆದು ರಜೆಯಲ್ಲಿ ಬಂದು ಹೋಗು. ಎಚ್-4 ಪಡೆದವಳು ಇಲ್ಲೇ ಉಳಿಯಬೇಕೆಂಬ ನಿಯಮವಿಲ್ಲ. ಅಷ್ಟರಲ್ಲಿ ಪ್ರೊಬೇಷನ್ ಮುಗಿಸು, ಎನ್‌ಕ್ಲೆಕ್ಸ್ ಬರೆ. ಹೇಳದೆ ಕೇಳದೆ ಗೈರುಹಾಜರಾಗುವುದು ಮಾತ್ರ ಬೇಡ. ಶಿಸ್ತುಕ್ರಮವಾದರೆ, ಮುಂದೆ ಅನುಭವ ಪ್ರಮಾಣಪತ್ರ ಕೇಳಲು ಅದೇ ಕಚೇರಿಗೆ ಹೋಗಬೇಕಾಗುತ್ತದೆ.

ಮದುವೆಯಾದವಳು ತವರಿನಲ್ಲೇ ಇದ್ದಾಳೆ ಎಂದು ಓಣಿಯವರು ಮಾತನಾಡುತ್ತಾರೆ, ನಿಜ. ಗಂಡಸರು ದುಬೈಗೆ ಹೋಗಿ ಎರಡೆರಡು ವರ್ಷ ಇದ್ದರೆ ಯಾರೂ ಮಾತನಾಡುವುದಿಲ್ಲ. ಇದು ಹುಡುಗನಿಗೆ ಒಪ್ಪಿಗೆಯಿಲ್ಲದಿದ್ದರೆ ಅದನ್ನೂ ನಿಶ್ಚಯಕ್ಕೆ ಮುಂಚೆಯೇ ತಿಳಿದುಕೊಳ್ಳುವುದು ಒಳ್ಳೆಯದು. ಐ-140 ಈಗಾಗಲೇ ಆಗಿದ್ದರೆ ಇಷ್ಟೆಲ್ಲ ಬೇಕಿಲ್ಲ. ಎನ್‌ಕ್ಲೆಕ್ಸ್ ಮುಗಿಸಿ ಹೊರಡು.

ಅಪ್ಪನ ವಿಷಯ ನಿನ್ನ ಪ್ರಶ್ನೆಯ ಕೊನೆಯಲ್ಲಿದೆ, ಆದರೆ ಯೋಜನೆಯಲ್ಲಿ ಮೊದಲು ಬರಬೇಕು. ಪಾಸ್‌ಪೋರ್ಟಿನಲ್ಲಿರುವ ಎಚ್-4 ಮುದ್ರೆಯ ಅವಧಿ ಮುಗಿದಿದ್ದರೆ, ಊರಿಗೆ ಬಂದವಳು ಮತ್ತೆ ವೀಸಾ ಹೊಡೆಸಿಕೊಳ್ಳದೆ ಹಿಂತಿರುಗಲಾಗುವುದಿಲ್ಲ. ಹೈದರಾಬಾದಿನಲ್ಲೋ ಚೆನ್ನೈನಲ್ಲೋ ಸಂದರ್ಶನದ ದಿನಾಂಕ ಮುಂದಕ್ಕೆ ಹೋದರೆ ನಿನ್ನ ಆಸ್ಪತ್ರೆ ಕಾಯುವುದಿಲ್ಲ. ಆದ್ದರಿಂದ ಮುದ್ರೆ ಚಾಲ್ತಿಯಲ್ಲಿರುವಾಗಲೇ ಅಪ್ಪನನ್ನು ನೋಡಿಕೊಂಡು ಹೋಗುವ ರೂಢಿ ಇಟ್ಟುಕೋ. ಇಎಡಿ ನವೀಕರಣವೂ ಹಾಗೆಯೇ. ಹಿಂದೆ ಅರ್ಜಿ ಬಾಕಿಯಿದ್ದಾಗ ಕೆಲಸ ಮುಂದುವರಿಸಬಹುದಿತ್ತು; 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗಳಿಗೆ ಆ ಅನುಕೂಲ ಇಲ್ಲ. ಅವಧಿ ಮುಗಿಯುವ 180 ದಿನ ಮೊದಲಿನಿಂದ ಅರ್ಜಿ ಹಾಕಬಹುದು, ಮೊದಲ ವಾರದಲ್ಲೇ ಹಾಕಬೇಕು. ನಡುವೆ ಖಾಲಿ ಬಿದ್ದ ತಿಂಗಳುಗಳಲ್ಲಿ ಸಂಬಳ ಇರುವುದಿಲ್ಲ, ಅಪ್ಪನ ಔಷಧಕ್ಕೆ ನೀನು ಕಳಿಸುವ ಹಣ ನಿಲ್ಲಬಾರದೆಂದರೆ ಅಷ್ಟನ್ನು ನಿನ್ನದೇ ಖಾತೆಯಲ್ಲಿ ಮೊದಲೇ ತೆಗೆದಿಡು.

ಹುಡುಗ ಏನು ಹೇಳಿದ ಎಂದು ಬರೆ. ಅವನ ಉತ್ತರ ಏನೇ ಇರಲಿ, ಅಂಕಪಟ್ಟಿ, ಗಂಟೆಗಳ ವಿವರವಿರುವ ಟ್ರಾನ್ಸ್‌ಕ್ರಿಪ್ಟ್‌ಗಾಗಿ ಕಾಲೇಜಿಗೆ ಅರ್ಜಿಯನ್ನು ಈ ವಾರವೇ ಹಾಕು.