ಪಿಇ ಬಿಡಿಸಿದ್ದೀರಿ, ಆದರೆ ಅರ್ಧಕ್ಕೇ ನಿಲ್ಲಿಸಿದ್ದೀರಿ

*“ನಮಸ್ಕಾರ ಮೇಡಂ. ಷೇರಿನ ಬೆಲೆ ಅದರ ಲಾಭದ ಎಷ್ಟು ಪಟ್ಟು ಅಂತ ಹೇಳುವ ಪಿಇ ಬಗ್ಗೆ ‘ಪಿಇ ಒಳಗೆ ಏನಿದೆ’ ಅನ್ನುವ ಲೇಖನ ಕಳಿಸಿದ್ದೇನೆ. ಷೇರಿನ ಬೆಲೆಯಲ್ಲಿ ಈಗಿನ ಲಾಭಕ್ಕೆ ಎಷ್ಟು, ಮುಂದಿನ ಬೆಳವಣಿಗೆಗೆ ಎಷ್ಟು ಅಂತ ಬಿಡಿಸಿ ತೋರಿಸಿದ್ದೇನೆ. ಹಿಂದೂಸ್ತಾನ್ ಯೂನಿಲಿವರ್ ಬೆಲೆಯಲ್ಲಿ ಶೇ. 80ಕ್ಕಿಂತ ಜಾಸ್ತಿ ಬರೀ ಬೆಳವಣಿಗೆಯ ನಿರೀಕ್ಷೆ, ಹಾಗಾಗಿ ಅದು ದುಬಾರಿ. ಕೋಲ್ ಇಂಡಿಯಾದಲ್ಲಿ ಬೆಳವಣಿಗೆಯೇ ಇಲ್ಲ, ಹಾಗಾಗಿ ಪಿಇ 5ಕ್ಕಿಂತ ಕೆಳಗೆ. ಪ್ರಕಟಿಸಬಹುದಾ? ಇಲ್ಲದಿದ್ದರೆ ಎಲ್ಲಿ ತಪ್ಪಾಗಿದೆ ನೇರವಾಗಿ ಹೇಳಿ.”*

ನಮಸ್ಕಾರ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಆದರೆ ಆರಿಸಿಕೊಂಡ ಎರಡು ಕಂಪನಿಗಳು ಎಷ್ಟು ಚೆನ್ನಾಗಿವೆ ಅಂದರೆ, ಇದನ್ನು ತಿದ್ದಿಸಿಯೇ ತರಿಸಿಕೊಳ್ಳಬೇಕು ಅಂತ ನನಗೆ ಆಸೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಸೂತ್ರ ಸರಿಯಾಗಿಯೇ ಇದೆ.

```
P / E1 = 1 / r + PVGO / E1
```

ಇಲ್ಲಿ `P` ಅಂದರೆ ಷೇರಿನ ಬೆಲೆ, `E1` ಅಂದರೆ ಮುಂದಿನ ವರ್ಷ ಒಂದು ಷೇರಿಗೆ ಬರುವ ಲಾಭ, `r` ಅಂದರೆ ಹೂಡಿಕೆದಾರ ಆ ಷೇರಿನಿಂದ ಕೇಳುವ ಪ್ರತಿಫಲ. ಲಾಭ ಹೀಗೇ ನಿಂತುಬಿಟ್ಟು, ಅದೆಲ್ಲ ವರ್ಷ ವರ್ಷ ಕೈಗೆ ಬರುತ್ತಿದ್ದರೆ ಷೇರಿಗೆ ಎಷ್ಟು ಕೊಡಬಹುದು ಅನ್ನುವುದು ಮೊದಲ ಭಾಗ. ಬೆಲೆಯಲ್ಲಿ ಅದನ್ನು ಕಳೆದರೆ ಉಳಿಯುವುದೇ ಪಿವಿಜಿಒ, ಅಂದರೆ ಬೆಳವಣಿಗೆಯ ಅವಕಾಶಗಳಿಗೆ ಇವತ್ತಿನ ಬೆಲೆ. ಇದನ್ನೇ ನೀವು ಮೂರು ಪುಟ ಬರೆದಿದ್ದೀರಿ. ಒಂದು ಪ್ಯಾರಾ ಸಾಕು. ಇನ್ನೊಂದು ಸಣ್ಣ ವಿಷಯ: ಸೂತ್ರ ಕೇಳುವುದು ಮುಂದಿನ ವರ್ಷದ ಲಾಭ, ನೀವು ಹಾಕಿರುವುದು ವೆಬ್‌ಸೈಟಿನಲ್ಲಿ ಕಾಣುವ ಕಳೆದ ಹನ್ನೆರಡು ತಿಂಗಳ ಲಾಭ. ಯಾವುದು ಹಾಕಿದ್ದೀರಿ ಅಂತ ಹೇಳಿಬಿಡಿ, ಅಷ್ಟು ಸಾಕು.

ದೊಡ್ಡ ತೊಂದರೆ ಇರುವುದು ಎರಡನೇ ಪುಟದ ಈ ಸಾಲಿನಲ್ಲಿ: “ಕಂಪನಿ ಬೆಳೆಯುತ್ತಿದ್ದರೆ ಪಿವಿಜಿಒ ಜಾಸ್ತಿ, ಬೆಳೆಯದಿದ್ದರೆ ಸೊನ್ನೆ.” ಇದು ತಪ್ಪು, ಮತ್ತು ಓದುಗರ ದುಡ್ಡು ಕಳೆಯುವಂಥ ತಪ್ಪು. ಒಂದು ಕಂಪನಿಗೆ ಷೇರಿಗೆ 100 ರೂಪಾಯಿ ಲಾಭ, `r` ಶೇ. 12 ಅಂತ ಇಟ್ಟುಕೊಳ್ಳಿ. ಎಲ್ಲವನ್ನೂ ಹಂಚಿದರೆ ಬೆಲೆ 833, ಪಿಇ 8.3. ಈಗ ಅದು 50 ಹಂಚಿ, ಉಳಿದ 50ನ್ನು ಹೊಸ ಕಾರ್ಖಾನೆಗೆ ಹಾಕುತ್ತದೆ, ಆ ದುಡ್ಡು ಶೇ. 12 ಗಳಿಸುತ್ತದೆ. ಲಾಭ ವರ್ಷಕ್ಕೆ ಶೇ. 6 ಬೆಳೆಯುತ್ತದೆ. ಬೆಲೆ? 50ನ್ನು ಶೇ. 12 ಮತ್ತು ಶೇ. 6ರ ವ್ಯತ್ಯಾಸದಿಂದ ಭಾಗಿಸಿ: ಅದೇ 833. ಹತ್ತು ವರ್ಷದಲ್ಲಿ ಲಾಭ ಹೆಚ್ಚುಕಡಿಮೆ 1.8 ಪಟ್ಟು ಆಗುತ್ತದೆ, ಆದರೂ ಪಿವಿಜಿಒ ಸೊನ್ನೆ. ಅದೇ ದುಡ್ಡು ಬರೀ ಶೇ. 8 ಗಳಿಸಿದರೆ ಬೆಳವಣಿಗೆ ಶೇ. 4, ಬೆಲೆ 625. ಅಂದರೆ ಕಂಪನಿ ಬೆಳೆಯುತ್ತಲೇ ಇದೆ, ಪ್ರತಿ ವರ್ಷ ‘ದಾಖಲೆ ಲಾಭ’ ಅಂತ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಪಿವಿಜಿಒ ಮಾತ್ರ ಮೈನಸ್ 208. ಶೇ. 20 ಗಳಿಸಿದರೆ ಆಗ ಬೆಲೆ 2,500, ಪಿಇ 25. ಮೂರರಲ್ಲೂ ದುಡ್ಡು ಉಳಿಸಿದ್ದು ಒಂದೇ ಅಳತೆ. ಬೇರೆಯಾಗಿದ್ದು, ಹೊಸ ಬಂಡವಾಳ ಗಳಿಸಿದ್ದು `r`ಗಿಂತ ಜಾಸ್ತಿಯೋ ಕಡಿಮೆಯೋ ಅನ್ನುವುದು ಮಾತ್ರ. ಲೇಖನ ಇಲ್ಲಿಂದ ಶುರುವಾಗಲಿ.

ಈಗ ಹಿಂದೂಸ್ತಾನ್ ಯೂನಿಲಿವರ್. 2024ರ ಮಾರ್ಚ್ ಕೊನೆಗೆ ಬೆಲೆ ಸುಮಾರು 2,260. ಮುಂದಿನ ವರ್ಷದ ಲಾಭ ಷೇರಿಗೆ 45 ಅಂತ ಇಟ್ಟುಕೊಂಡರೆ ಪಿಇ 50. `r` ಶೇ. 11 ಅಂದರೆ ಬೆಳವಣಿಗೆ ಇಲ್ಲದ ಬೆಲೆ 409, ಉಳಿದ ಸುಮಾರು 1,850 ಪಿವಿಜಿಒ, ಅಂದರೆ ಶೇ. 82. ನೀವು ಇಲ್ಲಿಗೆ ಬಂದು, “ಇದೆಲ್ಲ ಬರೀ ನಿರೀಕ್ಷೆ, ದುಬಾರಿ” ಅಂತ ಬರೆದು ನಿಲ್ಲಿಸಿದ್ದೀರಿ. ಕಳೆದು ಬಂದ ಮೊತ್ತಕ್ಕೆ ಒಂದು ಹೆಸರಿಟ್ಟಿದ್ದೀರಿ, ಅದರೊಳಗೆ ಏನಿದೆ ಅಂತ ನೋಡಲೇ ಇಲ್ಲ. ಅಲ್ಲಿ ನೋಡಬೇಕಾದ್ದು ತುಂಬಾ ಇದೆ.

ಮೊದಲು ಹಣದುಬ್ಬರ. ನಿಮ್ಮ ಶೇ. 11ರಲ್ಲಿ ಹಣದುಬ್ಬರವೂ ಸೇರಿದೆ. ಹಾಗಿದ್ದ ಮೇಲೆ ‘ಲಾಭ 45ರಲ್ಲೇ ನಿಲ್ಲುತ್ತದೆ’ ಅಂದರೆ ಅರ್ಥ ಏನು? ಸೋಪಿನ ಬೆಲೆ, ಟೀಪುಡಿ ಬೆಲೆ ಏರುತ್ತಾ ಹೋದರೂ ಕಂಪನಿಯ ಲಾಭ ಒಂದು ರೂಪಾಯಿಯೂ ಏರುವುದಿಲ್ಲ, ಅಂದರೆ ನಿಜವಾದ ಬೆಲೆಯಲ್ಲಿ ವರ್ಷ ವರ್ಷ ಕುಗ್ಗುತ್ತದೆ ಅಂತ. ಅದು ಬೆಳವಣಿಗೆ ಇಲ್ಲದ ಕಂಪನಿ ಅಲ್ಲ, ಸವೆಯುತ್ತಿರುವ ಕಂಪನಿ. ರಿಸರ್ವ್ ಬ್ಯಾಂಕಿನ ಗುರಿಯಾದ ಶೇ. 4ರಷ್ಟೇ ಲಾಭ ಏರಿದರೂ, ಅಂದರೆ ಒಂದು ಸೋಪೂ ಜಾಸ್ತಿ ಮಾರದಿದ್ದರೂ, 45ನ್ನು 11ರಲ್ಲಿ 4 ಕಳೆದು ಉಳಿದ ಶೇ. 7ರಿಂದ ಭಾಗಿಸಬೇಕು: 643. ನೀವು ‘ನಿರೀಕ್ಷೆ’ ಅಂದ 1,850ರಲ್ಲಿ 230ರಷ್ಟು ಬರೀ ಹಣದುಬ್ಬರದ ಜೊತೆ ಹೆಜ್ಜೆ ಹಾಕಿದ್ದಕ್ಕೆ ಸಿಗುವುದು. ಆದರೆ ಈ ಲೆಕ್ಕವನ್ನು ಎಲ್ಲ ಕಂಪನಿಗೂ ಹಾಕಬೇಡಿ. ಸ್ಟೀಲ್ ಕಾರ್ಖಾನೆಯಂಥದ್ದಕ್ಕೆ ಹಳೆಯ ಯಂತ್ರವನ್ನು ಏರಿದ ಬೆಲೆಗೆ ಬದಲಾಯಿಸಲು, ದಾಸ್ತಾನು ಇಡಲು ಲಾಭದಿಂದಲೇ ದುಡ್ಡು ತೆಗೆಯಬೇಕಾಗುತ್ತದೆ. ಯೂನಿಲಿವರ್‌ಗೆ ಅದು ಅಷ್ಟಾಗಿ ಬೇಕಿಲ್ಲ, 2023–24ರಲ್ಲಿ ಷೇರಿಗೆ ಸುಮಾರು 43 ರೂಪಾಯಿ ಗಳಿಸಿ 42 ರೂಪಾಯಿ ಡಿವಿಡೆಂಡ್ ಕೊಟ್ಟಿದ್ದೇ ಅದಕ್ಕೆ ಸಾಕ್ಷಿ.

ಆ 42 ರೂಪಾಯಿಯನ್ನು ಇನ್ನೊಂದು ಸಲ ನೋಡಿ, ನಿಮ್ಮ ಲೇಖನದ ಜೀವ ಅಲ್ಲಿದೆ. ಗಳಿಸಿದ್ದನ್ನೆಲ್ಲ ಹೆಚ್ಚುಕಡಿಮೆ ಹಂಚಿಬಿಡುವ ಕಂಪನಿಗೆ ಬೆಳವಣಿಗೆ ಎಲ್ಲಿಂದ ಬರಬೇಕು? ಮುಂದಿನ ವರ್ಷದ ಡಿವಿಡೆಂಡ್ 43 ಅಂದುಕೊಂಡರೆ ಬೆಲೆಯ ಶೇ. 1.9. `r` ಶೇ. 11 ಆಗಿದ್ದರೆ, ಅದರಲ್ಲಿ ಈ 1.9 ಕಳೆದು, ಬೆಲೆ ಹೇಳುತ್ತಿರುವ ಬೆಳವಣಿಗೆ ಶೇ. 9.1, ಅದೂ ಕೊನೆಯೇ ಇಲ್ಲದಂತೆ. ಉಳಿಸಿಕೊಳ್ಳುವುದು ಲಾಭದ ಶೇ. 5ರ ಆಸುಪಾಸು. ಬೆಳವಣಿಗೆಯನ್ನು ಉಳಿಸಿದ ಭಾಗದಿಂದ ಭಾಗಿಸುವ ಪುಸ್ತಕದ ಸೂತ್ರ ಹಾಕಿದರೆ ಹೊಸ ಬಂಡವಾಳ ವರ್ಷಕ್ಕೆ ಶೇ. 180 ಗಳಿಸಬೇಕು. ಈ ಉತ್ತರ ಬಂದಾಗ ಲೆಕ್ಕ ತಪ್ಪಿತು ಅಂತ ಬದಿಗಿಡಬೇಡಿ. ಹೂಡಿಕೆ ಬೇರೆ ಎಲ್ಲೋ ನಡೆಯುತ್ತಿದೆ ಅಂತ ಅದು ಹೇಳುತ್ತಿದೆ.

ಎಲ್ಲಿ ಅಂದರೆ, ಜಾಹೀರಾತಿನಲ್ಲಿ. ಕಂಪನಿ ಮಾರಾಟದ ಸುಮಾರು ಹತ್ತನೇ ಒಂದು ಭಾಗವನ್ನು ಜಾಹೀರಾತು ಮತ್ತು ಪ್ರಚಾರಕ್ಕೆ ಹಾಕುತ್ತದೆ, ಲೆಕ್ಕದ ನಿಯಮದ ಪ್ರಕಾರ ಅದೆಲ್ಲ ಅದೇ ವರ್ಷದ ಖರ್ಚು. ಆದರೆ ಅದರಲ್ಲಿ ಒಂದು ಭಾಗ ಈಗಿರುವ ಬ್ರ್ಯಾಂಡುಗಳನ್ನು ಉಳಿಸಿಕೊಳ್ಳಲು, ಇನ್ನೊಂದು ಭಾಗ ಹೊಸ ಗಿರಾಕಿಗಳನ್ನು ಗಳಿಸಲು. ಎರಡನೆಯದು ಹೂಡಿಕೆಯೇ ತಾನೆ? ನಿಜಕ್ಕೂ ಬೆಳೆಯುವುದೇ ಬೇಡ ಅಂತ ಕೂತ ಕಂಪನಿ ಆ ಭಾಗವನ್ನು ಖರ್ಚು ಮಾಡುವುದಿಲ್ಲ, ಆಗ ಅದರ ಲಾಭ 45ಕ್ಕಿಂತ ಜಾಸ್ತಿ ಇರುತ್ತದೆ. ಹಾಗಾಗಿ 409 ಅನ್ನುವ ನಿಮ್ಮ ಮೊದಲ ಭಾಗ ಕಡಿಮೆಯಾಗಿ ಬಂದಿದೆ, ಪಿವಿಜಿಒ ಜಾಸ್ತಿಯಾಗಿ ಬಂದಿದೆ. ಔಷಧ ಕಂಪನಿಗಳ ಸಂಶೋಧನೆಯ ಖರ್ಚಿಗೂ ಇದೇ ಮಾತು. ಎಷ್ಟು ಭಾಗ ಯಾವುದಕ್ಕೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ, ಅರ್ಧ ಅಂತ ಒಂದು ಸಲ, ಕಾಲು ಅಂತ ಒಂದು ಸಲ ಹಾಕಿ ತೋರಿಸಿ.

ಇಷ್ಟೆಲ್ಲ ಬಿಟ್ಟುಕೊಟ್ಟ ಮೇಲೂ ಬೆಲೆ ದುಬಾರಿ ಅನ್ನಿಸಿದರೆ ಆಗ ಹಾಗೆ ಬರೆಯಿರಿ, ಆಗ ಅದಕ್ಕೆ ಬಲ ಇರುತ್ತದೆ. ನನಗೂ ಶೇ. 9.1 ಜಾಸ್ತಿಯೇ ಅನ್ನಿಸುತ್ತದೆ, ಯಾಕೆಂದರೆ ಆ ವರ್ಷ ಕಂಪನಿಯ ಮಾರಾಟ ಬೆಳೆದದ್ದು ಶೇ. 2–3ರಷ್ಟು ಮಾತ್ರ. ಆದರೆ ಮಾರುಕಟ್ಟೆ ಶೇ. 11ರ ಬದಲು 9.5ನ್ನೇ ಸಾಕು ಅಂದುಕೊಂಡಿದ್ದರೆ ಬೇಕಾದ ಬೆಳವಣಿಗೆ 7.6ಕ್ಕೆ ಇಳಿಯುತ್ತದೆ. ಬೆಲೆ ನೋಡಿ ನಮಗೆ ಗೊತ್ತಾಗುವುದು ಎರಡರ ವ್ಯತ್ಯಾಸ ಮಾತ್ರ, ಆ 1.9. ಯಾವುದು ಎಷ್ಟು ಅಂತ ಬೆಲೆ ಹೇಳುವುದಿಲ್ಲ.

ಕೋಲ್ ಇಂಡಿಯಾ ಪ್ಯಾರಾವನ್ನು ಪೂರ್ತಿ ಹೊಸದಾಗಿ ಬರೆಯಿರಿ. ಬೆಳವಣಿಗೆಯೇ ಇಲ್ಲದ ಕಂಪನಿಯ ಪಿಇ ಎಷ್ಟಿರಬೇಕು? ನಿಮ್ಮದೇ ಸೂತ್ರದಲ್ಲಿ, ಶೇ. 12 ಹಾಕಿದರೆ, 8.3. 2023ರ ಮಾರ್ಚ್ ಕೊನೆಗೆ ಬೆಲೆ ಸುಮಾರು 213, ಆ ವರ್ಷದ ಲಾಭ ಷೇರಿಗೆ 45ರ ಆಸುಪಾಸು, ಪಿಇ 5ಕ್ಕಿಂತ ಕೆಳಗೆ. ಅಂದರೆ ಪಿವಿಜಿಒ ಸೊನ್ನೆ ಅಲ್ಲ, ಮೈನಸ್ 160ಕ್ಕೂ ಜಾಸ್ತಿ. ಲಾಭವೆಲ್ಲ ಕೈಗೆ ಬಂದರೂ ಅದು ವರ್ಷಕ್ಕೆ ಶೇ. 9ರಂತೆ ಕುಗ್ಗುತ್ತಾ ಹೋಗುತ್ತದೆ ಅಂತ ನಂಬಿದರೆ ಮಾತ್ರ ಈ ಬೆಲೆ ಸರಿ. ಹಾಗೆ ನಂಬಲು ಕಾರಣಗಳಿದ್ದವು: ಕಲ್ಲಿದ್ದಲಿನ ಭವಿಷ್ಯದ ಭಯ ಇತ್ತು, ಆ ವರ್ಷ ಹರಾಜಿನಲ್ಲಿ ಕಲ್ಲಿದ್ದಲಿಗೆ ಸಿಕ್ಕ ಬೆಲೆ ಇಳಿಯಬಹುದು ಅನ್ನುವ ಅನುಮಾನ ಇತ್ತು, ಮೂರನೇ ಎರಡು ಭಾಗ ಷೇರು ಸರ್ಕಾರದ ಕೈಯಲ್ಲಿರುವಾಗ ಹಂಚದೆ ಉಳಿಸಿಕೊಂಡ ದುಡ್ಡು ಎಲ್ಲಿಗೆ ಹೋಗುತ್ತದೋ ಅನ್ನುವ ಆತಂಕವೂ ಇತ್ತು. ಇವುಗಳಲ್ಲಿ ಯಾವುದು ಅಂತ ಮೈನಸ್ ಚಿಹ್ನೆ ಹೇಳುವುದಿಲ್ಲ, ನೀವು ಹುಡುಕಿ ಹೇಳಬೇಕು. ಒಂದು ವರ್ಷದಲ್ಲಿ ಬೆಲೆ 430 ದಾಟಿತು, ಲಾಭ 60ಕ್ಕೆ ಏರಿತು. ಬೆಲೆ ಎರಡು ಪಟ್ಟಾದ ಮೇಲೂ ಪಿಇ ಬರೀ 7, ಪಿವಿಜಿಒ ಆಗಲೂ ಮೈನಸ್. ‘ಮಾರುಕಟ್ಟೆಗೆ ಕೋಲ್ ಇಂಡಿಯಾ ಮೇಲೆ ನಂಬಿಕೆ ಬಂತು’ ಅನ್ನುವ ನಿಮ್ಮ ಕೊನೆಯ ಸಾಲು ಅದಕ್ಕೇ ನಿಲ್ಲುವುದಿಲ್ಲ.

ಕೊನೆಗೆ `r` ವಿಷಯ. ಶೇ. 11 ಯಾಕೆ ಅಂತ ನೀವು ಎಲ್ಲೂ ಹೇಳಿಲ್ಲ. ಸರ್ಕಾರಿ ಬಾಂಡಿಗೆ 2024ರ ಮಾರ್ಚ್‌ನಲ್ಲಿ ಇದ್ದ ಶೇ. 7ರಷ್ಟು ಬಡ್ಡಿ, ಅದರ ಮೇಲೆ ಷೇರಿನ ಅಪಾಯಕ್ಕೆ ಇಷ್ಟು ಅಂತ ಒಂದು ಸಾಲು ಬರೆಯಿರಿ. ಎಲ್ಲ ಕಡೆಯೂ ಇದಕ್ಕೆ ಹೆದರಬೇಕಿಲ್ಲ. ಪಿಇ 50 ಇರುವಲ್ಲಿ `r` 9 ಹಾಕಿ, 12 ಹಾಕಿ, ಪಿವಿಜಿಒ ಶೇ. 78ರಿಂದ 83ರ ಒಳಗೇ ಇರುತ್ತದೆ. ಪಿಇ 5 ಇರುವಲ್ಲೂ ಚಿಹ್ನೆ ಬದಲಾಗುವುದಿಲ್ಲ. ಕೈಕೊಡುವುದು ಪಿಇ 8ರಿಂದ 12ರ ನಡುವೆ. ಪಿಇ 10 ಇರುವ ಷೇರಿಗೆ ಶೇ. 9 ಹಾಕಿದರೆ ಪಿವಿಜಿಒ ಮೈನಸ್, 12 ಹಾಕಿದರೆ ಪ್ಲಸ್. ನಿಮ್ಮ ಕೋಷ್ಟಕದಲ್ಲಿರುವ ಎರಡು ಸರ್ಕಾರಿ ಬ್ಯಾಂಕುಗಳು ಸರಿಯಾಗಿ ಇದೇ ಜಾಗದಲ್ಲಿವೆ. ಅವುಗಳನ್ನು ತೆಗೆದುಬಿಡಿ, ಉಳಿದ ಎರಡು ಕಂಪನಿಗಳಿಗೆ `r` 9, 11, 12 ಹಾಕಿ ಮೂರು ಸಾಲಿನ ಕೋಷ್ಟಕ ಮಾಡಿ, ಪದಗಳ ಮಿತಿ 1,500 ಇಟ್ಟುಕೊಂಡು ಮತ್ತೆ ಕಳಿಸಿ.