ನಂದಿನಿ ಹೆಸರು ಯಾರಪ್ಪನ ಆಸ್ತಿ?

*ಸಂಪಾದಕರೇ, ನಂದಿನಿ ಅಂದ್ರೆ ನಮಗೆ ಹಾಲು. ಅದೇ ಹೆಸರನ್ನು ಹೋಟೆಲ್‌ನವರಿಗೂ ಕೊಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಯಾವ ನ್ಯಾಯ? ನನ್ನದೂ ಒಂದು ಖಾರ ಮಂಡಕ್ಕಿ ಅಂಗಡಿ ಇದೆ. ನಾಳೆ ನನ್ನ ಹೆಸರನ್ನೂ ಯಾರಾದ್ರೂ ಹೀಗೇ ಎತ್ಕೊಂಡು ಹೋದ್ರೆ?*
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಊರಿಗೆಲ್ಲ ಹಾಲು ಕೊಡುವ ಸಂಸ್ಥೆ ತನ್ನ ಹೆಸರನ್ನು ಕಾಯ್ದುಕೊಳ್ಳಲು ಹೋಗಿದ್ದರಲ್ಲಿ ತಪ್ಪಿಲ್ಲ. ಆದರೆ ನಾನು ಹೋಟೆಲ್‌ನವರ ಕಡೆ. ಯಾಕೆ ಅಂತ ಹೇಳುತ್ತೇನೆ.

ಹಾಲು ಮಹಾಮಂಡಳ ನಂದಿನಿ ಹೆಸರು ಹಿಡಿದದ್ದು 1985ರಲ್ಲಿ. ನಂದಿನಿ ಡಿಲಕ್ಸ್ ಹೋಟೆಲ್ ಶುರುವಾದದ್ದು 1989ರಲ್ಲಿ. ಮುಂದೆ ಹೋಟೆಲ್‌ನವರು ಮಾಂಸ, ಮೀನು, ಜಾಮ್ ಇತ್ಯಾದಿ ತಿನ್ನುವ ಪದಾರ್ಥಗಳಿಗೆ ಆ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಲು ಅರ್ಜಿ ಹಾಕಿದರು. ಪಟ್ಟಿಯಲ್ಲಿ ಹಾಲೂ ಇತ್ತು. ಮಹಾಮಂಡಳ ತಕರಾರು ತೆಗೆಯಿತು. ಡೆಪ್ಯುಟಿ ರಿಜಿಸ್ಟ್ರಾರ್ ತಕರಾರನ್ನು ತಳ್ಳಿಹಾಕಿದರು. ಮೇಲ್ಮನವಿ ಮಂಡಳಿ ಅದನ್ನು ತಿರುಗಿಸಿತು. 2014ರಲ್ಲಿ ನಮ್ಮ ಹೈಕೋರ್ಟೂ ಮಹಾಮಂಡಳದ ಪರವೇ ನಿಂತಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಎಲ್ಲವನ್ನೂ ಮತ್ತೆ ತಿರುಗಿಸಿತು.

ಯಾಕೆ? ಮೊದಲು ಗುರುತಿನ ವಿಷಯ. ಓದಿದರೆ ಎರಡೂ ನಂದಿನಿಯೇ. ಆದರೆ ಕೋರ್ಟ್ ಬರೀ ಕಿವಿಯಿಂದ ಅಳೆಯಲಿಲ್ಲ, ಬೋರ್ಡನ್ನೂ ನೋಡಿತು. ಒಂದು ಕಡೆ ಹಸುವಿನ ಚಿತ್ರ. ಇನ್ನೊಂದು ಕಡೆ ದೀಪದ ಚಿತ್ರ, ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಎಚ್’ ಜಾಸ್ತಿ, ಪಕ್ಕದಲ್ಲಿ ಡಿಲಕ್ಸ್ ಅನ್ನುವ ಪದ. ಹಾಲಿನ ಪ್ಯಾಕೆಟ್ ತರಲು ಹೊರಟವರು ಬಿರಿಯಾನಿ ಕಟ್ಟಿಸಿಕೊಂಡು ಬರುವುದಿಲ್ಲ, ಅಲ್ವಾ? ನೋಂದಣಿಗಾಗಿ ಸಾಮಾನುಗಳನ್ನು ವರ್ಗಗಳಾಗಿ ವಿಂಗಡಿಸಿರುತ್ತಾರೆ. ಎರಡೂ ಒಂದೇ ವರ್ಗದ ಸಾಮಾನು ಅನ್ನುವ ವಾದವೂ ನಿಲ್ಲಲಿಲ್ಲ. ವರ್ಗದಲ್ಲಿ ಒಂದು ಸಾಮಾನು ಮಾರಿದವರು ಇಡೀ ವರ್ಗವನ್ನೇ ಗುತ್ತಿಗೆ ಹಿಡಿಯಲಾಗದು ಎಂದಿತು ಕೋರ್ಟ್. ಜೊತೆಗೆ ನಂದಿನಿ ಯಾರೂ ಹೊಸದಾಗಿ ಹುಟ್ಟಿಸಿದ ಪದವಲ್ಲ, ಪುರಾಣದ ಹಸು, ದೇವಿಯ ಹೆಸರು.

ನನಗೆ ದೊಡ್ಡದಾಗಿ ಕಾಣುವುದು ಎರಡನೇ ಕಾರಣ. 1985ಕ್ಕೂ 1989ಕ್ಕೂ ನಡುವೆ ಇರುವುದು ನಾಲ್ಕೇ ವರ್ಷ. ಅಷ್ಟರಲ್ಲಿ ನಂದಿನಿ ಅಂದರೆ ಹಾಲು ಅಂತ ಜನರ ಮನಸ್ಸಿನಲ್ಲಿ ಕೂತಿತ್ತು ಎಂದು ತೋರಿಸುವ ದಾಖಲೆ ಕೋರ್ಟಿನ ಮುಂದೆ ಬರಲಿಲ್ಲ. ಇವತ್ತಿನ ಹೆಸರು ಎಷ್ಟು ದೊಡ್ಡದು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಎದುರಿನವರು ಬೋರ್ಡ್ ಹಾಕಿದ ದಿನ ಎಷ್ಟು ದೊಡ್ಡದಿತ್ತು, ಅದು ಮುಖ್ಯ. ಹಾಲು, ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲ್‌ನವರೇ ಹಕ್ಕು ಬಿಟ್ಟುಕೊಟ್ಟರು. ನಿಮ್ಮ ಹಾಲಿಗೆ ಏನೂ ಆಗಿಲ್ಲ.

ನಿಮ್ಮನ್ನು ಸ್ವಲ್ಪ ಬೈಯಬೇಕು ಅನಿಸುತ್ತಿದೆ. ಒಂದು ಹೆಸರು ಒಬ್ಬರದ್ದಾದರೆ ಎಲ್ಲ ಸಾಮಾನಿಗೂ ಅವರದ್ದೇ ಅಂದುಕೊಂಡಿದ್ದೀರಿ. ಹಾಗಾದರೆ ‘ದಾವಣಗೆರೆ’ ಅನ್ನುವುದು ಯಾರದ್ದು? ಬೆಣ್ಣೆದೋಸೆಯ ಬೋರ್ಡಿನಲ್ಲಿ ನಾಳೆ ಒಬ್ಬರೇ ಅದನ್ನು ಕಟ್ಟಿಹಾಕಿಕೊಂಡರೆ ಉಳಿದ ಒಲೆಗಳು ಆರಬೇಕಾ? ಬರೀ ಊರಿನ ಹೆಸರನ್ನೇ ಗುರುತು ಮಾಡಿಕೊಳ್ಳಲು ಕಾನೂನು ಸಾಮಾನ್ಯವಾಗಿ ಬಿಡುವುದಿಲ್ಲ. ಅದು ನಮ್ಮಂಥ ಊರಿಗೆ ದೊಡ್ಡ ಆಸರೆ.

ಇನ್ನು ನಿಮ್ಮ ಅಂಗಡಿ. ಹೊಸ ಗುರುತು ಸರ್ಕಾರದ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಬಂದ ಮೇಲೆ ತಕರಾರು ಹಾಕಲು ನಾಲ್ಕು ತಿಂಗಳು ಮಾತ್ರ. ಎದುರಿನವರ ಉತ್ತರ ಕೈಗೆ ಬಂದ ಮೇಲೆ ಎರಡು ತಿಂಗಳೊಳಗೆ ನಿಮ್ಮ ಸಾಕ್ಷ್ಯ ಅಫಿಡವಿಟ್ ರೂಪದಲ್ಲಿ ಹೋಗಬೇಕು. ಹೋಗದಿದ್ದರೆ ತಕರಾರು ಕೈಬಿಟ್ಟಂತೆ. ಆ ಅಫಿಡವಿಟ್‌ನಲ್ಲಿ ‘ನಲವತ್ತು ವರ್ಷದಿಂದ ವ್ಯಾಪಾರ’ ಅಂತ ಬರೆದರೆ ಸಾಲದು. ತಾರೀಖು ಮತ್ತು ಹೆಸರು ಒಂದೇ ಕಾಗದದಲ್ಲಿ ಇರುವ ಬಿಲ್, ಜಾಹೀರಾತು, ಲೈಸೆನ್ಸ್ ಬೇಕು.

ನಮ್ಮವರು ಸೋಲುವುದು ಇಲ್ಲೇ. ‘ಬಿಲ್ ಬೇಕಾ?’ ಅಂತ ಕೇಳಿದರೆ ಗಿರಾಕಿ ಬೇಡ ಅನ್ನುತ್ತಾನೆ, ಅಂಗಡಿಯವರಿಗೂ ಅದೇ ಹಿತ. ಹಳೇ ಬೋರ್ಡ್ ಕಿತ್ತು ಗುಜರಿಗೆ ಹಾಕುವಾಗ ಒಂದು ಫೋಟೊ ಕೂಡ ತೆಗೆಯುವುದಿಲ್ಲ. ಚಿತ್ರದುರ್ಗದಲ್ಲಿ ನನಗೆ ಗೊತ್ತಿರುವ ಎಣ್ಣೆ ವ್ಯಾಪಾರಿಯೊಬ್ಬರು ಇಂಥದ್ದೇ ತಕರಾರಿನಲ್ಲಿ ಸಿಕ್ಕಿಕೊಂಡಿದ್ದರು. ಲೆಕ್ಕದ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಕೊನೆಗೆ ಸಿಕ್ಕಿದ್ದು ಅಡುಗೆಮನೆ ಗೋಡೆಯ ಮೇಲಿನ ಒಂದು ಕ್ಯಾಲೆಂಡರ್. ಗಿರಾಕಿಗಳಿಗೆ ಹಂಚಲು ಅವರೇ ಅಚ್ಚು ಹಾಕಿಸಿದ್ದು. ಮೇಲೆ ಲಕ್ಷ್ಮಿ, ಕೆಳಗೆ ಅಂಗಡಿಯ ಹೆಸರು, ಮೂಲೆಯಲ್ಲಿ 1994, ಎಣ್ಣೆ ಜಿಡ್ಡಿನಿಂದ ಅರ್ಧ ಮಸುಕಾಗಿತ್ತು. ವಕೀಲರು ಅದನ್ನು ಮೊದಲ ದಾಖಲೆಯಾಗಿ ಲಗತ್ತಿಸಿದರು. ಅದೊಂದೇ ಸಾಲದು ಅಂತ ಅಚ್ಚು ಹಾಕಿದ ಪ್ರೆಸ್‌ನವರ ರಸೀದಿಯನ್ನೂ ಹುಡುಕಿಸಿದರು.

ನಿಮ್ಮ ಅಂಗಡಿಯ ಅಟ್ಟದಲ್ಲಿರುವುದನ್ನು ಈ ಭಾನುವಾರವೇ ಇಳಿಸಿ ನೋಡಿ. ಹಳೇ ಕವರ್ ಸಿಕ್ಕರೂ ಎಸೆಯಬೇಡಿ.

— ಸಂ.