ಕಾರ್ಟ್‌ಗೆ ಹಾಕದವರ ಚಿಂತೆ ಬಿಡಿ, ವಿಳಾಸದ ಪುಟದಲ್ಲಿ ಹಿಂದಿರುಗಿದವರನ್ನು ನೋಡಿ

ಪ್ರಶ್ನೆ: ನಮ್ಮದೇ ಜಾಲತಾಣದಲ್ಲಿ ಇಳಕಲ್ ಸೀರೆ ಮಾರುತ್ತೇವೆ. ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ಕಳೆದ ತಿಂಗಳು 12,000 ಕ್ಲಿಕ್ ಬಂದಿವೆ. ಗೂಗಲ್ ಅನಲಿಟಿಕ್ಸ್‌ನ ಫನಲ್ ವರದಿಯ ಪ್ರಕಾರ ಸೀರೆ ನೋಡಿದವರು 8,000, ಕಾರ್ಟ್‌ಗೆ ಹಾಕಿದವರು 640, ಚೆಕ್‌ಔಟ್ ಶುರು ಮಾಡಿದವರು 400, ಕೊಂಡವರು 96. ಆದರೆ ನಮ್ಮ ಆರ್ಡರ್ ಪಟ್ಟಿಯಲ್ಲಿ 120 ಇವೆ. ನೋಡಿದವರಲ್ಲಿ ನೂರಕ್ಕೆ 92 ಮಂದಿ ಕಾರ್ಟ್‌ಗೆ ಹಾಕದೆ ಹೋಗುತ್ತಿದ್ದಾರೆ. ಎಲ್ಲ ಸೀರೆಗಳ ಫೋಟೊಗಳನ್ನೂ ಮತ್ತೆ ತೆಗೆಸಬೇಕೆ? ವರದಿ ಲಗತ್ತಿಸಿದ್ದೇನೆ.
— ಓದುಗರು, ಬಾಗಲಕೋಟೆ

ಉತ್ತರ: ಫೋಟೊಗ್ರಾಫರ್‌ಗೆ ಮುಂಗಡ ಕೊಟ್ಟಿಲ್ಲವಾದರೆ ಸ್ವಲ್ಪ ತಡೆಯಿರಿ. ಮೊದಲು ಆ 96 ಮತ್ತು 120ರ ನಡುವಿನ ವ್ಯತ್ಯಾಸವನ್ನು ಬಗೆಹರಿಸಿಕೊಳ್ಳಬೇಕು. ಲೆಕ್ಕವೇ ತಪ್ಪಿದ್ದರೆ ಸೋರಿಕೆಯನ್ನು ಹುಡುಕಿ ಪ್ರಯೋಜನವಿಲ್ಲ.

ಆರ್ಡರ್ ಪಟ್ಟಿಯ ಸಂಖ್ಯೆಗಳನ್ನೂ ಅನಲಿಟಿಕ್ಸ್‌ನಲ್ಲಿ purchase ಜೊತೆ ದಾಖಲಾಗುವ transaction_id ಸಂಖ್ಯೆಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಕಾಣೆಯಾದ 24 ಆರ್ಡರ್‌ಗಳು ಅನಲಿಟಿಕ್ಸ್‌ನಲ್ಲಿ ಎಲ್ಲಿಯೂ ಇಲ್ಲ, ಮತ್ತು ಎಲ್ಲವೂ ಮೊಬೈಲ್‌ನಿಂದ ಯುಪಿಐ ಮೂಲಕ ಪಾವತಿಯಾದವು. ನಿಮ್ಮ ತಾಣದಲ್ಲಿ purchase ದಾಖಲಾಗುವುದು 'ಧನ್ಯವಾದ' ಪುಟ ತೆರೆದಾಗ ಮಾತ್ರ. ಗ್ರಾಹಕರು ಯುಪಿಐ ಆ್ಯಪ್‌ಗೆ ಹೋಗಿ ಹಣ ಕಟ್ಟುತ್ತಾರೆ, ಬ್ಯಾಂಕಿನ ಸಂದೇಶ ಬಂತೆಂದು ಫೋನ್ ಕೆಳಗಿಡುತ್ತಾರೆ, ನಿಮ್ಮ ಪುಟಕ್ಕೆ ಮರಳುವುದೇ ಇಲ್ಲ. ಹಣ ಬಂದಿದೆ, ಆರ್ಡರ್ ಬಂದಿದೆ, ವರದಿ ಮಾತ್ರ ಅವರನ್ನು ಬಿಟ್ಟುಹೋದವರ ಸಾಲಿಗೆ ಸೇರಿಸಿದೆ. ಹಾಗಾಗಿ ಕೊನೆಯ ಹಂತಕ್ಕೆ ನಿಮ್ಮ ಆರ್ಡರ್ ಪಟ್ಟಿಯ 120ನ್ನೇ ಹಿಡಿಯೋಣ.

ಇದೇ ತೊಂದರೆ ಇರುವ ಇತರರಿಗೆ ಒಂದು ಮಾತು: ಆರ್ಡರ್ ಅನಲಿಟಿಕ್ಸ್‌ನಲ್ಲಿ ಇದ್ದು ಫನಲ್‌ನಲ್ಲಿ ಮಾತ್ರ ಇಲ್ಲದಿದ್ದರೆ ಕಾರಣ ಬೇರೆ. 'ಈಗಲೇ ಕೊಳ್ಳಿ' ಗುಂಡಿ ಒತ್ತಿದವರು ಕಾರ್ಟ್ ಹಂತವನ್ನೇ ಮುಟ್ಟುವುದಿಲ್ಲ. ಮೊದಲ ಹಂತದಿಂದ ಒಂದೊಂದನ್ನೂ ದಾಟಿ ಬಂದವರನ್ನಷ್ಟೇ ಎಣಿಸುವ ಫನಲ್‌ನಲ್ಲಿ ಅವರು ಕಾರ್ಟ್ ಬಳಿ ಕಳೆದುಹೋದಂತೆ ಕಾಣುತ್ತಾರೆ. ನಿಮ್ಮ ತಾಣದಲ್ಲಿ ಆ ಗುಂಡಿ ಇಲ್ಲ, ಆ ಚಿಂತೆಯೂ ಇಲ್ಲ.

12,000 ಕ್ಲಿಕ್ 8,000 ಮಂದಿಯಾದದ್ದು ಕಂಡು ಗಾಬರಿಯಾಗಬೇಡಿ. ಜಾಹೀರಾತಿನ ಕಡೆ ಎಣಿಸುವುದು ಕ್ಲಿಕ್‌ಗಳನ್ನು, ಫನಲ್ ಎಣಿಸುವುದು ಬಳಕೆದಾರರನ್ನು. ಒಬ್ಬರೇ ಮೂರು ಸಲ ಒತ್ತಿದರೆ ಅಲ್ಲಿ ಮೂರು, ಇಲ್ಲಿ ಒಂದು. ಬೆರಳು ತಗುಲಿ ಬಂದು ಪುಟ ತೆರೆಯುವ ಮೊದಲೇ ಹೋದವರೂ ಆ ಅಂತರದಲ್ಲಿದ್ದಾರೆ. ಜಾಹೀರಾತು ವರದಿಯ Landing page views ಸಂಖ್ಯೆ ಕ್ಲಿಕ್‌ಗಿಂತ ತೀರಾ ಕಡಿಮೆಯಿದ್ದರೆ ಪುಟ ನಿಧಾನವಾಗಿ ತೆರೆಯುತ್ತಿದೆಯೇ ಎಂದು ನೋಡಿ. ಸದ್ಯಕ್ಕೆ ಅಷ್ಟು ಸಾಕು.

ಈಗ ನಿಮ್ಮನ್ನು ಕಾಡುತ್ತಿರುವ 92ಕ್ಕೆ ಬರೋಣ. ಸೀರೆ ಅಂಗಡಿಯಲ್ಲಿ ಮಡಿಕೆ ಬಿಚ್ಚಿಸಿ ನೋಡಿದವರೆಲ್ಲ ಕೊಳ್ಳುವುದಿಲ್ಲವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಫನಲ್‌ನ ಮೇಲಿನ ಹಂತಗಳಲ್ಲಿ ಶೇಕಡಾವಾರು ಇಳಿಕೆ ಯಾವಾಗಲೂ ದೊಡ್ಡದು, ಏಕೆಂದರೆ ಅಲ್ಲಿರುವ ಹೆಚ್ಚಿನವರಿಗೆ ಕೊಳ್ಳುವ ಮನಸ್ಸೇ ಇರುವುದಿಲ್ಲ. ಆದ್ದರಿಂದ 'ಎಲ್ಲಿ ಹೆಚ್ಚು ಜನ ಹೋದರು' ಎಂದು ಕೇಳಬಾರದು, 'ಕೊಳ್ಳಲು ಬಂದವರು ಎಲ್ಲಿ ಹೋದರು' ಎಂದು ಕೇಳಬೇಕು. ಚೆಕ್‌ಔಟ್ ಶುರು ಮಾಡಿದ 400 ಮಂದಿ ಸೀರೆ ಆರಿಸಿಯಾಗಿದೆ, ಬೆಲೆ ಒಪ್ಪಿಯಾಗಿದೆ. ಅವರಲ್ಲಿ 280 ಮಂದಿ ಬರಿಗೈಯಲ್ಲಿ ಹೋದದ್ದೇ ನಿಜವಾದ ನಷ್ಟ.

ನಿಮ್ಮ ಫನಲ್ ಚೆಕ್‌ಔಟ್‌ನಿಂದ ನೇರವಾಗಿ ಖರೀದಿಗೆ ಹಾರುತ್ತದೆ. ನಡುವೆ add_shipping_info ಮತ್ತು add_payment_info ಎಂಬ ಎರಡು ಹಂತಗಳನ್ನು ಸೇರಿಸಿ. ನಿಮ್ಮ ತಾಣ ಇವೆರಡನ್ನೂ ದಾಖಲಿಸುತ್ತಲೇ ಇದೆ, ನೋಡುವವರಿರಲಿಲ್ಲ ಅಷ್ಟೆ. ಸೇರಿಸಿದಾಗ ಸಾಲು ಹೀಗಾಗುತ್ತದೆ: 400 ಮಂದಿ ಚೆಕ್‌ಔಟ್‌ಗೆ ಬಂದರು, 210 ಮಂದಿ ವಿಳಾಸದ ಪುಟ ದಾಟಿದರು, 190 ಮಂದಿ ಪಾವತಿಯ ವಿಧಾನ ಆರಿಸಿದರು, 120 ಮಂದಿ ಕೊಂಡರು. ಪಾವತಿಯಲ್ಲಿ 70 ಮಂದಿ ಬಿದ್ದುಹೋಗಿದ್ದಾರೆ, ಅದನ್ನು ಆಮೇಲೆ ನೋಡಬಹುದು. ವಿಳಾಸದ ಪುಟವೊಂದರಲ್ಲೇ 190 ಮಂದಿ ಹೋಗಿದ್ದಾರೆ.

ಏಕೆ? ಇದಕ್ಕೆ ಒಟ್ಟು ಸಂಖ್ಯೆ ಉತ್ತರ ಕೊಡುವುದಿಲ್ಲ, ಒಡೆದು ನೋಡಬೇಕು. ಮೊಬೈಲ್, ಕಂಪ್ಯೂಟರ್ ಎಂದು ಒಡೆದರೆ ಈ ಪುಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ರಾಜ್ಯವಾರು ಒಡೆದಾಗ ಗುಟ್ಟು ಹೊರಬೀಳುತ್ತದೆ. ಕರ್ನಾಟಕದ 220 ಮಂದಿಯಲ್ಲಿ 150 ಮಂದಿ ದಾಟಿದ್ದಾರೆ. ಹೊರರಾಜ್ಯದ 180 ಮಂದಿಯಲ್ಲಿ ದಾಟಿದವರು 60 ಮಾತ್ರ, ಅವರಲ್ಲಿ ಹೆಚ್ಚಿನವರು ಮಹಾರಾಷ್ಟ್ರದವರು. ಇಳಕಲ್ ಸೀರೆಗೆ ಅಲ್ಲಿ ಹಳೆಯ ಗಿರಾಕಿಗಳಿರುವುದರಿಂದ ಇದು ಸಣ್ಣ ವಿಷಯವಲ್ಲ. ನಿಮ್ಮ ತಾಣದಲ್ಲಿ ನಾನೇ ಪುಣೆಯ ಪಿನ್‌ಕೋಡ್ ಹಾಕಿ ನೋಡಿದೆ: ಅದುವರೆಗೆ 1,800 ರೂಪಾಯಿ ಇದ್ದ ಬೆಲೆಗೆ ಆ ಪುಟದಲ್ಲಿ ಮೊದಲ ಬಾರಿಗೆ 220 ರೂಪಾಯಿ ಸಾಗಣೆ ವೆಚ್ಚ ಸೇರಿತು. ಕರ್ನಾಟಕದೊಳಗೆ ಅದು 80 ರೂಪಾಯಿ.

ಅನಲಿಟಿಕ್ಸ್ ರಾಜ್ಯವನ್ನು ಅಂದಾಜಿಸುವುದು ಇಂಟರ್ನೆಟ್ ವಿಳಾಸದಿಂದ, ಮೊಬೈಲ್ ಜಾಲದಲ್ಲಿ ಅದು ತಪ್ಪುವುದುಂಟು. ಆದ್ದರಿಂದ ಅರ್ಧಕ್ಕೆ ಬಿಟ್ಟ ಆರ್ಡರ್‌ಗಳ ಪಟ್ಟಿಯಲ್ಲಿ ಪಿನ್‌ಕೋಡ್‌ಗಳನ್ನು ನೀವೇ ಎಣಿಸಿ. 56, 57, 58, 59ರಿಂದ ಶುರುವಾಗುವವು ಕರ್ನಾಟಕದವು. ಬಿಟ್ಟುಹೋದವರಲ್ಲಿ ಹೊರಗಿನ ಪಿನ್‌ಕೋಡ್‌ಗಳೇ ಹೆಚ್ಚಿದ್ದರೆ ನನ್ನ ಊಹೆ ಗಟ್ಟಿಯಾಗುತ್ತದೆ. ಪಿನ್‌ಕೋಡ್ ಹಾಕುವ ಮೊದಲೇ ಹೋದವರು ಹೆಚ್ಚಿದ್ದರೆ ಸಾಗಣೆ ವೆಚ್ಚ ಕಾರಣವಲ್ಲ. ಆಗ ಖಾತೆ ತೆರೆಯುವ ಒತ್ತಾಯವನ್ನೋ ಬಾರದ ಒಟಿಪಿಯನ್ನೋ ಅನುಮಾನಿಸಿ.

ದುಡ್ಡಿನ ಲೆಕ್ಕ ನೋಡಿ. ಹೊರರಾಜ್ಯದವರೂ ಕರ್ನಾಟಕದವರ ಪ್ರಮಾಣದಲ್ಲೇ ಪುಟ ದಾಟಿದರೆ ಸುಮಾರು 60 ಮಂದಿ ಹೆಚ್ಚು ಮುಂದೆ ಹೋಗುತ್ತಾರೆ. ಈಗ ದಾಟಿದ 210ರಲ್ಲಿ 120 ಮಂದಿ ಕೊಂಡಿರುವುದರಿಂದ, ಅದೇ ಲೆಕ್ಕದಲ್ಲಿ 35ರಷ್ಟು ಹೊಸ ಆರ್ಡರ್. ಅರ್ಧ ಫಲ ಸಿಕ್ಕರೂ 17. ಆ 17ನ್ನು ಫೋಟೊಗಳಿಂದಲೇ ಗಳಿಸಬೇಕೆಂದರೆ ಇನ್ನೂ 90 ಮಂದಿ ಕಾರ್ಟ್‌ಗೆ ಹಾಕಬೇಕು. ಅಸಾಧ್ಯವೇನಲ್ಲ. ಆದರೆ ಅಲ್ಲಿ ಖರ್ಚು ಸಾವಿರಗಟ್ಟಲೆ, ಇಲ್ಲಿ ಸೀರೆಯ ಪುಟದಲ್ಲಿ ಬೆಲೆಯ ಕೆಳಗೆ ಒಂದು ಸಾಲು: 'ಸಾಗಣೆ ವೆಚ್ಚ ಕರ್ನಾಟಕಕ್ಕೆ 80, ಹೊರಗೆ 220 ರೂಪಾಯಿ'. ಅದಕ್ಕಿಂತ ಗಟ್ಟಿ ಪರೀಕ್ಷೆ ಬೇಕಿದ್ದರೆ ವೆಚ್ಚವನ್ನು ಬೆಲೆಯಲ್ಲೇ ಸೇರಿಸಿ ಎಲ್ಲರಿಗೂ ಒಂದೇ ದರ ಇಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಆ ಸಾಲು ಹಾಕಿದ ಮೇಲೆ ಒಂದು ವಿಚಿತ್ರ ಕಾಣಬಹುದು. ವಿಳಾಸದ ಪುಟದ ಅಂಕಿ ಚೆಂದವಾಗುತ್ತದೆ, ಕಾರ್ಟ್‌ನ ಅಂಕಿ ಕುಸಿಯುತ್ತದೆ. 220 ರೂಪಾಯಿಗೆ ಹಿಂಜರಿಯುವವರು ಈಗ ಮೊದಲೇ ಹೋಗುತ್ತಿದ್ದಾರೆಂದು ಅದರ ಅರ್ಥ. ಸೋರಿಕೆ ಜಾಗ ಬದಲಿಸಿದೆಯೇ ಹೊರತು ನಿಂತಿಲ್ಲ. ಹಾಗಾಗಿ ಸೀರೆ ನೋಡಿದ ಹೊರರಾಜ್ಯದವರಲ್ಲಿ ಎಷ್ಟು ಮಂದಿ ಕೊಂಡರು ಎಂಬುದನ್ನೂ ಜೊತೆಗೆ ನೋಡಿ. ಅದು ಅಲುಗದಿದ್ದರೆ ತೊಡಕು ವೆಚ್ಚವನ್ನು ತಡವಾಗಿ ಹೇಳಿದ್ದರಲ್ಲಿಲ್ಲ, ವೆಚ್ಚದಲ್ಲೇ ಇದೆ. ಆಗ ಒಂದೇ ದರದ ಪರೀಕ್ಷೆಗೆ ಹೋಗಿ.

ಒಂದು ವಾರ ನೋಡಿ ತೀರ್ಮಾನಿಸಬೇಡಿ. ಪೂರ್ತಿ ತಿಂಗಳು ಕೊಡಿ, ಸಂಬಳದ ದಿನಗಳು ಎರಡೂ ಲೆಕ್ಕಗಳಲ್ಲಿ ಸೇರಲಿ. ಹಬ್ಬದ ತಿಂಗಳನ್ನು ಸಾಮಾನ್ಯ ತಿಂಗಳಿನೊಂದಿಗೆ ಹೋಲಿಸಬೇಡಿ. 180ರಲ್ಲಿ 60 ಇದ್ದದ್ದು 68 ಆದರೆ ಅದು ಬರೀ ಏರಿಳಿತವಿರಬಹುದು. ಅಷ್ಟೇ ಜನರಲ್ಲಿ 80ರ ಹತ್ತಿರ ಹೋದರೆ ನಂಬಿ.